ಸಾಲಿಗೆ ಕಂಬವೇ ಯಾಕೆ? ಬಾವುಟ ಮತ್ತು ಬಸ್ಸಿನ ಮೂಲಕ ಮ್ಯಾಟ್ರಿಕ್ಸ್ ಗುಣಾಕಾರ

ಪ್ರಶ್ನೆ: ಬಳ್ಳಾರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಗಣಿತ ಪಾಠ ಮಾಡುತ್ತೇನೆ. ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಗುಣಿಸಲು ಕಲಿತೇ ಬಂದಿರುತ್ತಾರೆ, ಲೆಕ್ಕ ತಪ್ಪುವುದಿಲ್ಲ. ಆದರೆ "ಸರ್, ಸಾಲನ್ನು ಕಂಬಕ್ಕೇ ಯಾಕೆ ಗುಣಿಸಬೇಕು? AB, BA ಬೇರೆ ಬೇರೆ ಯಾಕೆ?" ಎಂದು ಕೇಳಿದರೆ ನಿಯಮ ಹಾಗಿದೆ ಎಂದಷ್ಟೇ ಹೇಳುತ್ತಿದ್ದೇನೆ. ಚಿತ್ರಗಳನ್ನು ತಿರುಗಿಸುವುದು, ಸಣ್ಣ ಜಾಲಗಳು, ಇವುಗಳ ಮೂಲಕ ಹೇಳಬಹುದು ಎಂದು ಕೇಳಿದ್ದೇನೆ. ಎರಡು ತರಗತಿ, ಒಂದು ಲ್ಯಾಬ್ ನನ್ನ ಕೈಯಲ್ಲಿವೆ. ಹೇಗೆ ನಡೆಸಲಿ?

ಉತ್ತರ: ಮೊದಲ ತರಗತಿಯ ಮೊದಲ ಅರ್ಧ ಗಂಟೆ ಗುಣಾಕಾರದ ಮಾತೇ ಬೇಡ. ನಿಯಮ ಗೊತ್ತಿರುವ ಹುಡುಗರಿಗೆ ಅದೇ ಅಡ್ಡಿಯಾಗುತ್ತದೆ. ಬೋರ್ಡಿನ ಮೇಲೆ ಎರಡು ಮ್ಯಾಟ್ರಿಕ್ಸ್ ಪಕ್ಕಪಕ್ಕ ಕಂಡ ಕೂಡಲೇ ಕೈ ತಾನಾಗಿ ಗುಣಿಸಲು ಶುರು ಮಾಡುತ್ತದೆ, ತಲೆ ಅಲ್ಲಿಗೆ ನಿಲ್ಲುತ್ತದೆ. ಮ್ಯಾಟ್ರಿಕ್ಸ್ ಎಂದರೆ ಒಂದು ಕೆಲಸ, ಗುಣಾಕಾರ ಎಂದರೆ ಒಂದು ಕೆಲಸ ಮುಗಿದ ಮೇಲೆ ಇನ್ನೊಂದು ಮಾಡುವುದು. ಈ ಒಂದೇ ವಿಷಯ ಎರಡು ತರಗತಿಗಳಲ್ಲೂ ಲ್ಯಾಬಿನಲ್ಲೂ ಎಳೆಯಾಗಿ ಬರಲಿ. 1858ರಲ್ಲಿ ಆರ್ಥರ್ ಕೇಲಿ ಗುಣಾಕಾರಕ್ಕೆ ಈ ರೂಪ ಕೊಟ್ಟದ್ದೂ ಇದೇ ಕಾರಣಕ್ಕೆ. ಒಂದು ರೇಖೀಯ ಬದಲಾವಣೆಯ ಫಲವನ್ನು ಇನ್ನೊಂದರೊಳಗೆ ಹಾಕಿದಾಗ ಸಂಖ್ಯೆಗಳು ಹೇಗೆ ಕೂಡಿಕೊಳ್ಳುತ್ತವೆಯೋ ಅದನ್ನೇ ಅವರು ಗುಣಾಕಾರ ಎಂದು ಹೆಸರಿಸಿದರು. ಅಂದರೆ ಕೆಲಸ ಮೊದಲು ಇತ್ತು, ನಿಯಮ ಅದರಿಂದ ಹುಟ್ಟಿತು. ಪಾಠವೂ ಅದೇ ಕ್ರಮದಲ್ಲಿ ಸಾಗಿದರೆ ಸಾಕು.

ಪ್ರತಿಯೊಬ್ಬರ ಕೈಗೂ ಒಂದು ಗ್ರಾಫ್ ಹಾಳೆ ಕೊಡಿ. ಎರಡೂ ಅಕ್ಷಗಳ ಮೇಲೆ −5ರಿಂದ 5ರವರೆಗೆ ಗುರುತು ಹಾಕಿಸಿ. (0,0)ಯಿಂದ (0,4)ಕ್ಕೆ ಒಂದು ಗೆರೆ, ಅದು ಬಾವುಟದ ಕೋಲು. (0,4), (2,3), (0,2) ಸೇರಿಸಿ ಒಂದು ತ್ರಿಕೋನ, ಅದು ಬಟ್ಟೆ. ಚೌಕವನ್ನೋ ವೃತ್ತವನ್ನೋ ತೆಗೆದುಕೊಳ್ಳಬೇಡಿ. ಚೌಕವನ್ನು 90 ಡಿಗ್ರಿ ತಿರುಗಿಸಿದರೂ, ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣುತ್ತದೆ, ಏನು ನಡೆಯಿತು ಎಂದು ಗೊತ್ತಾಗುವುದಿಲ್ಲ. ಬಾವುಟದಲ್ಲಿ ಬುಡ ಯಾವುದು, ಬಟ್ಟೆ ಯಾವ ಪಕ್ಕದಲ್ಲಿದೆ ಎಂಬುದು ಯಾವಾಗಲೂ ಕಾಣುತ್ತದೆ.

ಈಗ ಎರಡು ಕೆಲಸ ಹೇಳಿ. ಒಂದು, ಬಾವುಟವನ್ನು ಮೂಲಬಿಂದುವಿನ ಸುತ್ತ ಗಡಿಯಾರದ ವಿರುದ್ಧ ದಿಕ್ಕಿಗೆ 90 ಡಿಗ್ರಿ ತಿರುಗಿಸುವುದು. ಇದಕ್ಕೆ T ಎನ್ನೋಣ. ಇನ್ನೊಂದು, ವಾಲಿಸುವುದು: ಪ್ರತಿ ಬಿಂದುವೂ ತಾನಿರುವ ಎತ್ತರದಷ್ಟೇ ಬಲಕ್ಕೆ ಸರಿಯುತ್ತದೆ, ಎತ್ತರ ಬದಲಾಗುವುದಿಲ್ಲ. ಇದಕ್ಕೆ V ಎನ್ನೋಣ. ಸೂತ್ರ ಕೊಡಬೇಡಿ. ಮಾತಿನಲ್ಲಿ ಹೇಳಿ, (1,0) ಎಲ್ಲಿಗೆ ಹೋಗುತ್ತದೆ, (0,1) ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ತಿರುಗಿಸಿದರೆ (1,0) ಹೋಗಿ (0,1) ಆಗುತ್ತದೆ, (0,1) ಹೋಗಿ (−1,0) ಆಗುತ್ತದೆ. ವಾಲಿಸಿದರೆ (1,0) ಎತ್ತರ ಇಲ್ಲದ್ದರಿಂದ ಅಲ್ಲೇ ಉಳಿಯುತ್ತದೆ, (0,1) ಹೋಗಿ (1,1) ಆಗುತ್ತದೆ. ಈ ಉತ್ತರಗಳನ್ನು ನೆಟ್ಟಗೆ ನಿಲ್ಲಿಸಿ ಪಕ್ಕಪಕ್ಕ ಬರೆಯಿರಿ:

```
T = [ 0  -1 ]      V = [ 1  1 ]
    [ 1   0 ]          [ 0  1 ]
```

ಮೊದಲ ಕಂಬ ಎಂದರೆ (1,0)ದ ಹೊಸ ಜಾಗ, ಎರಡನೇ ಕಂಬ ಎಂದರೆ (0,1)ದ ಹೊಸ ಜಾಗ. ಮ್ಯಾಟ್ರಿಕ್ಸ್‌ನಲ್ಲಿ ಇರುವ ಮಾಹಿತಿ ಇಷ್ಟೇ. ಉಳಿದ ಬಿಂದುಗಳು ತಾವಾಗಿ ಬರುತ್ತವೆ. ಬಟ್ಟೆಯ ತುದಿ (2,3) ಎಂದರೆ ಎರಡು ಪಾಲು (1,0), ಮೂರು ಪಾಲು (0,1). ಆದ್ದರಿಂದ ವಾಲಿಸಿದ ಮೇಲೆ ಅದು ಮೊದಲ ಕಂಬದ ಎರಡು ಪಾಲು, ಎರಡನೇ ಕಂಬದ ಮೂರು ಪಾಲು: 2(1,0) + 3(1,1) = (5,3). ಎತ್ತರ 3 ಇತ್ತು, 3 ಮನೆ ಬಲಕ್ಕೆ ಸರಿಯಿತು, ಸರಿಯಾಗಿದೆ. ಇದನ್ನು ಹುಡುಗರು ತಾವೇ ಗ್ರಾಫಿನಲ್ಲಿ ಎಣಿಸಿ ನೋಡುವವರೆಗೆ ಮುಂದೆ ಹೋಗಬೇಡಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಹೊಸ ಜಾಗವನ್ನು ನೆಟ್ಟಗೆ ಬರೆಯದೆ ಅಡ್ಡಕ್ಕೆ ಸಾಲಾಗಿ ಬರೆಯುತ್ತಾರೆ. ಆಗ T ಇದ್ದದ್ದು ಗಡಿಯಾರದ ದಿಕ್ಕಿಗೆ ತಿರುಗಿಸುವ ಮ್ಯಾಟ್ರಿಕ್ಸ್ ಆಗಿಬಿಡುತ್ತದೆ. ಬಾವುಟ ಎಡಕ್ಕೆ ಮಲಗಬೇಕಾದದ್ದು ಬಲಕ್ಕೆ ಮಲಗಿದರೆ ತಪ್ಪು ಇಲ್ಲೇ ಆಗಿದೆ ಎಂದು ತಿಳಿಯಿರಿ.

ಈಗ ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಮೊದಲು ವಾಲಿಸಿ ಆಮೇಲೆ ತಿರುಗಿಸಲಿ. ಇನ್ನೊಂದು ಗುಂಪು ಮೊದಲು ತಿರುಗಿಸಿ ಆಮೇಲೆ ವಾಲಿಸಲಿ. ಮೊದಲ ಗುಂಪಿನವರ ಕೋಲಿನ ತುದಿ (0,4) ಮೊದಲು (4,4)ಕ್ಕೆ ವಾಲಿ, ಆಮೇಲೆ (−4,4)ಕ್ಕೆ ಬರುತ್ತದೆ. ಬಟ್ಟೆಯ ತುದಿ (5,3)ರ ಮೂಲಕ (−3,5)ಕ್ಕೆ ಬರುತ್ತದೆ. ಕೋಲು ಎಡ ಮೇಲ್ಮೂಲೆಯ ಕಡೆ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಎರಡನೇ ಗುಂಪಿನವರ ಕೋಲಿನ ತುದಿ ತಿರುಗಿ (−4,0)ಕ್ಕೆ ಬಂದು ಮಲಗುತ್ತದೆ, ಆಮೇಲೆ ವಾಲಿಸಿದರೂ ಅಲ್ಲಿಂದ ಕದಲುವುದಿಲ್ಲ. ಬಟ್ಟೆಯ ತುದಿ ಮಾತ್ರ (−3,2)ರಿಂದ (−1,2)ಕ್ಕೆ ಸರಿಯುತ್ತದೆ.

ಎರಡು ಹಾಳೆ ಪಕ್ಕಪಕ್ಕ ಹಿಡಿದು ಯಾಕೆ ಹೀಗಾಯಿತು ಎಂದು ಕೇಳಿ. ಉತ್ತರ ಅವರ ಬಾಯಿಂದಲೇ ಬರುತ್ತದೆ: ವಾಲಿಸುವ ಕೆಲಸ ಎತ್ತರವನ್ನು ನೋಡಿ ಸರಿಸುತ್ತದೆ, ಮಲಗಿದ ಕೋಲಿಗೆ ಎತ್ತರವೇ ಇಲ್ಲ, ಹಾಗಾಗಿ ಅದು ಸರಿಯಲಿಲ್ಲ. ನಿಂತಿದ್ದ ಕೋಲಿಗೆ ಎತ್ತರ ಇತ್ತು, ಸರಿಯಿತು. AB, BA ಬೇರೆ ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಎರಡನೆಯ ಕೆಲಸಕ್ಕೆ ಸಿಗುವ ವಸ್ತು ಮೊದಲ ಕೆಲಸ ಬಿಟ್ಟುಹೋದ ವಸ್ತು, ಮೂಲ ವಸ್ತುವಲ್ಲ.

ಇಷ್ಟಾದ ಮೇಲೆ ಗುಣಾಕಾರಕ್ಕೆ ಬನ್ನಿ. ಎರಡೂ ಕೆಲಸ ಸೇರಿಸಿ ಒಂದೇ ಮ್ಯಾಟ್ರಿಕ್ಸ್ ಬರೆಯಬೇಕಾದರೆ ಏನು ಬೇಕು? (1,0) ಕೊನೆಗೆ ಎಲ್ಲಿಗೆ ಬಂತು, (0,1) ಕೊನೆಗೆ ಎಲ್ಲಿಗೆ ಬಂತು, ಅಷ್ಟೇ ಬೇಕು. ವಾಲಿಸಿ ತಿರುಗಿಸಿದರೆ (1,0) ಮೊದಲು ಅಲ್ಲೇ ಉಳಿದು ಆಮೇಲೆ (0,1) ಆಗುತ್ತದೆ. (0,1) ಮೊದಲು (1,1) ಆಗಿ ಆಮೇಲೆ (−1,1) ಆಗುತ್ತದೆ. ತಿರುಗಿಸಿ ವಾಲಿಸಿದರೆ ಕಂಬಗಳು (1,1) ಮತ್ತು (−1,0).

```
TV = [ 0  -1 ]      VT = [ 1  -1 ]
     [ 1   1 ]           [ 1   0 ]
```

TV ಎಂದರೆ ಮೊದಲು V, ಆಮೇಲೆ T. ಬಿಂದುವನ್ನು ಬಲಗಡೆ ಇಡುತ್ತೇವೆ, ಅದಕ್ಕೆ ಹತ್ತಿರ ಇರುವುದು ಮೊದಲು ಅದನ್ನು ಮುಟ್ಟುತ್ತದೆ. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಎರಡು ತರಗತಿ ಮುಗಿಯುವವರೆಗೆ ಅಳಿಸದೆ ಬಿಡಿ. ಈಗ ಹುಡುಗರು ಪಿಯುಸಿಯ ನಿಯಮದಿಂದ TV ಗುಣಿಸಲಿ. ಅದೇ ಉತ್ತರ ಬರುತ್ತದೆ. ನಿಯಮ ಗೊತ್ತಿದ್ದವರಿಗೆ ಅದು ಎಲ್ಲಿಂದ ಬಂತು ಎಂಬುದು ಆ ಹೊತ್ತಿಗೆ ಹೊಳೆಯಲು ಶುರುವಾಗಿರುತ್ತದೆ. ಪೂರ್ತಿ ತಿಳಿಯಲು ಜಾಲ ಬೇಕು.

ಎರಡನೇ ತರಗತಿಯನ್ನು ಇದೇ T ಮತ್ತು Vಯಿಂದಲೇ ಆರಂಭಿಸಿ, ಆದರೆ ಬಾಣಗಳಾಗಿ ಬರೆದು. ಎಡಗಡೆ ಎರಡು ಚುಕ್ಕೆ, x ಮತ್ತು y. ನಡುವೆ ಎರಡು ಚುಕ್ಕೆ, ವಾಲಿಸಿದ ನಂತರದ x′ ಮತ್ತು y′. ಬಲಗಡೆ ಎರಡು, ತಿರುಗಿಸಿದ ನಂತರದ x″ ಮತ್ತು y″. ಎಡದ ಪ್ರತಿ ಚುಕ್ಕೆಯಿಂದ ನಡುವಿನ ಪ್ರತಿ ಚುಕ್ಕೆಗೂ ಒಂದೊಂದು ಬಾಣ, ಬಾಣದ ಮೇಲೆ Vಯ ಸಂಖ್ಯೆ. ನಡುವಿನಿಂದ ಬಲಕ್ಕೆ ಬಾಣಗಳು, ಅವುಗಳ ಮೇಲೆ Tಯ ಸಂಖ್ಯೆ. ಬಾಣ ಹೊರಟ ಚುಕ್ಕೆ ಕಂಬವನ್ನು ಹೇಳುತ್ತದೆ, ಬಾಣ ಮುಟ್ಟಿದ ಚುಕ್ಕೆ ಸಾಲನ್ನು ಹೇಳುತ್ತದೆ.

ಈಗ ಒಂದೇ ಪ್ರಶ್ನೆ: y ಒಂದು ಪಾಲು ಹೆಚ್ಚಾದರೆ x″ ಎಷ್ಟು ಬದಲಾಗುತ್ತದೆ? yಯಿಂದ x″ಗೆ ಹೋಗಲು ಎರಡು ದಾರಿ. x′ ಮೂಲಕ ಹೋದರೆ ಮೊದಲ ಬಾಣದಲ್ಲಿ 1, ಎರಡನೆಯದರಲ್ಲಿ 0, ಗುಣಿಸಿದರೆ 0. y′ ಮೂಲಕ ಹೋದರೆ ಮೊದಲು 1, ಆಮೇಲೆ −1, ಗುಣಿಸಿದರೆ −1. ಎರಡೂ ದಾರಿ ಕೂಡಿಸಿದರೆ −1. TVಯ ಮೊದಲ ಸಾಲು, ಎರಡನೇ ಕಂಬದಲ್ಲಿ ಇರುವುದು ಅದೇ −1. ಸಾಲನ್ನು ಕಂಬಕ್ಕೆ ಯಾಕೆ ಗುಣಿಸುತ್ತೇವೆ ಎಂಬುದಕ್ಕೆ ಉತ್ತರ ಇಲ್ಲಿದೆ. Vಯ ಎರಡನೇ ಕಂಬ ಎಂದರೆ yಯಿಂದ ಹೊರಡುವ ಎಲ್ಲ ಬಾಣಗಳು. Tಯ ಮೊದಲ ಸಾಲು ಎಂದರೆ x″ಗೆ ಬಂದು ಸೇರುವ ಎಲ್ಲ ಬಾಣಗಳು. ನಡುವಿನ ಒಂದೊಂದು ಚುಕ್ಕೆಯಲ್ಲೂ ಹೊರಟದ್ದನ್ನೂ ಸೇರುವುದನ್ನೂ ಜೋಡಿಸಿ ಗುಣಿಸಿ, ಎಲ್ಲ ದಾರಿ ಕೂಡಿಸಿದೆವು. ಬೇರೆ ಯಾವ ರೀತಿ ಗುಣಿಸಿದರೂ ದಾರಿಗಳು ಜೋಡಿಯಾಗುವುದಿಲ್ಲ.

ಇದನ್ನು ಊರಿನ ಬಸ್ಸುಗಳ ಮೇಲೆ ಕೂಡಲೇ ಪ್ರಯೋಗಿಸಿ. ಕುರುಗೋಡು ಮತ್ತು ಸಂಡೂರಿನಿಂದ ಹೊರಟು, ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಒಮ್ಮೆ ಬಸ್ ಬದಲಿಸಿ, ರಾಯಚೂರು, ಕೊಪ್ಪಳ ಅಥವಾ ಗಂಗಾವತಿಗೆ ಹೋಗಬೇಕು ಎಂದುಕೊಳ್ಳಿ. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ನಿಜವಾದ ಸಂಖ್ಯೆಯನ್ನು ಹುಡುಗರೇ ಬಸ್ ನಿಲ್ದಾಣದ ವೇಳಾಪಟ್ಟಿ ನೋಡಿ ಬರೆದು ತರಲಿ.

```
P (ಮೊದಲ ಬಸ್)       ಕುರುಗೋಡು  ಸಂಡೂರು
  ಬಳ್ಳಾರಿಗೆ             6        4
  ಹೊಸಪೇಟೆಗೆ            1        5

Q (ಎರಡನೇ ಬಸ್)      ಬಳ್ಳಾರಿ   ಹೊಸಪೇಟೆ
  ರಾಯಚೂರಿಗೆ            3        2
  ಕೊಪ್ಪಳಕ್ಕೆ             2        6
  ಗಂಗಾವತಿಗೆ            4        5
```

ಕುರುಗೋಡಿನಿಂದ ರಾಯಚೂರಿಗೆ ಎಷ್ಟು ರೀತಿ ಹೋಗಬಹುದು? ಬಳ್ಳಾರಿ ಮೂಲಕ ಆರರಲ್ಲಿ ಯಾವುದಾದರೊಂದು ಬಸ್ ಹತ್ತಿ, ಅಲ್ಲಿಂದ ಮೂರರಲ್ಲಿ ಒಂದು ಹತ್ತಿದರೆ 18 ರೀತಿ. ಹೊಸಪೇಟೆ ಮೂಲಕ 1 × 2 = 2 ರೀತಿ. ಒಟ್ಟು 20. ಸಂಡೂರಿನಿಂದ ಕೊಪ್ಪಳಕ್ಕೆ 4 × 2 + 5 × 6 = 38. ಹೀಗೆ ಆರೂ ಮನೆ ತುಂಬಿಸಿದರೆ:

```
QP                  ಕುರುಗೋಡು  ಸಂಡೂರು
  ರಾಯಚೂರಿಗೆ           20       22
  ಕೊಪ್ಪಳಕ್ಕೆ            18       38
  ಗಂಗಾವತಿಗೆ           29       41
```

ಯಾರೂ ನಿಯಮ ಹೇಳಲಿಲ್ಲ, ಆದರೂ ಮ್ಯಾಟ್ರಿಕ್ಸ್ ಗುಣಾಕಾರ ಆಗಿಹೋಯಿತು. ಅಳತೆಗಳು ಯಾಕೆ ಹೊಂದಬೇಕು ಎಂಬುದೂ ಇಲ್ಲೇ ತಿಳಿಯುತ್ತದೆ. Q ಮೂರು ಸಾಲು ಎರಡು ಕಂಬದ್ದು, P ಎರಡು ಸಾಲು ಎರಡು ಕಂಬದ್ದು. Qದ ಕಂಬಗಳೂ Pಯ ಸಾಲುಗಳೂ ಒಂದೇ ಊರುಗಳು, ಬಸ್ ಬದಲಿಸುವ ಊರುಗಳು. ಅದಕ್ಕೇ ಆ ಎರಡು ಸಂಖ್ಯೆ ಸಮ ಇರಲೇಬೇಕು. PQ ಗುಣಿಸಲು ಹೋದರೆ ರಾಯಚೂರು, ಕೊಪ್ಪಳ, ಗಂಗಾವತಿಗಳಲ್ಲಿ ಇಳಿದವರು ಕುರುಗೋಡು, ಸಂಡೂರುಗಳಲ್ಲಿ ಬಸ್ ಹತ್ತಬೇಕಾಗುತ್ತದೆ. ಮೂರು ಊರಿಗೆ ಎರಡು ಊರು ಜೋಡಿಯಾಗುವುದಿಲ್ಲ, ಗುಣಾಕಾರ ನಿಂತುಹೋಗುತ್ತದೆ.

ಇಲ್ಲಿ ಎರಡು ತಪ್ಪುಗಳ ಬಗ್ಗೆ ಸಮಯ ಕೊಡಿ, ಯಾಕೆಂದರೆ ಎರಡರಲ್ಲೂ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ಮೊದಲನೆಯದು ನಡುವಿನ ಊರುಗಳ ಕ್ರಮ. Pಯಲ್ಲಿ ಬಳ್ಳಾರಿ ಮೊದಲು ಬರೆದು, Qದಲ್ಲಿ ಹೊಸಪೇಟೆ ಮೊದಲು ಬರೆದರೆ ಅಳತೆ ಹೊಂದುತ್ತದೆ, ಲೆಕ್ಕವೂ ನಡೆಯುತ್ತದೆ. ಆದರೆ ಕುರುಗೋಡು–ರಾಯಚೂರು ಮನೆಯಲ್ಲಿ 2 × 6 + 3 × 1 = 15 ಬರುತ್ತದೆ. ಬಳ್ಳಾರಿಯಲ್ಲಿ ಇಳಿದವರನ್ನು ಹೊಸಪೇಟೆಯ ಬಸ್ಸಿಗೆ ಹತ್ತಿಸಿದಂತಾಯಿತು. ಅದಕ್ಕೆ ಮೊದಲ ವಾರವಿಡೀ ಮ್ಯಾಟ್ರಿಕ್ಸ್‌ನ ಅಂಚಿನಲ್ಲಿ ಹೆಸರು ಬರೆಯದೆ ಗುಣಿಸಬಾರದು ಎಂದು ಕಟ್ಟುನಿಟ್ಟಾಗಿ ಹೇಳಿ.

ಹೆಸರಿದ್ದರೆ ಉತ್ತರ ಸರಿ ನೋಡುವುದೂ ಸುಲಭ. ಬಳ್ಳಾರಿಯಿಂದ ಮುಂದಕ್ಕೆ ಒಟ್ಟು 3 + 2 + 4 = 9 ಬಸ್, ಹೊಸಪೇಟೆಯಿಂದ 2 + 6 + 5 = 13. ಹಾಗಾದರೆ ಕುರುಗೋಡಿನಿಂದ ಒಟ್ಟು 6 × 9 + 1 × 13 = 67 ರೀತಿ. ಉತ್ತರದ ಮೊದಲ ಕಂಬವನ್ನು ಕೂಡಿಸಿ: 20 + 18 + 29 = 67. ಸಂಡೂರಿನದು 4 × 9 + 5 × 13 = 101, ಎರಡನೇ ಕಂಬವೂ 101. ಯಾವುದೇ ಮ್ಯಾಟ್ರಿಕ್ಸ್ ಗುಣಾಕಾರವನ್ನು ಕೈಯಲ್ಲಿ ಮಾಡಿದಾಗ ಈ ಪರೀಕ್ಷೆ ನಡೆಯುತ್ತದೆ, ಊರು ಬಸ್ಸು ಇರಲೇಬೇಕೆಂದಿಲ್ಲ. ಪರೀಕ್ಷೆಯ ಹಾಲಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ.

ಎರಡನೆಯ ತಪ್ಪು ದಿಕ್ಕಿನದು, ಮತ್ತು ಇದಕ್ಕೆ ಸಾಮಾನ್ಯವಾಗಿ ಪಾಠ ಮಾಡುವವರೇ ಕಾರಣ. ಜಾಲಗಳ ಪಾಠದಲ್ಲಿ ಬಹಳ ಕಡೆ ಹೊರಡುವ ಊರನ್ನು ಸಾಲಿನಲ್ಲೂ ಸೇರುವ ಊರನ್ನು ಕಂಬದಲ್ಲೂ ಬರೆಯುತ್ತಾರೆ. ಹಾಗೆ ಬರೆದರೆ ಮೊದಲ ಬಸ್ಸಿನ ಮ್ಯಾಟ್ರಿಕ್ಸ್ ಎಡಕ್ಕೆ ಬರಬೇಕು. ಚಿತ್ರದ ಪಾಠದಲ್ಲಿ ಮೊದಲ ಕೆಲಸ ಬಲಕ್ಕಿತ್ತು. ನಿನ್ನೆ ಬಲದಿಂದ ಎಡಕ್ಕೆ ಓದಿಸಿ, ಇಂದು ಎಡದಿಂದ ಬಲಕ್ಕೆ ಓದಿಸಿದರೆ ಹುಡುಗರು ಎರಡನ್ನೂ ಬಿಟ್ಟು ಬಾಯಿಪಾಠಕ್ಕೆ ಹಿಂತಿರುಗುತ್ತಾರೆ. ಅದಕ್ಕೇ ಮೇಲೆ ಬಸ್ಸುಗಳನ್ನೂ ಕಂಬದಿಂದ ಹೊರಟು ಸಾಲಿಗೆ ಸೇರುವಂತೆ ಬರೆದೆ. ಇನ್ನೊಂದು ರೀತಿಯೂ ಚಾಲ್ತಿಯಲ್ಲಿದೆ ಎಂದು ಮುಂದೆ ಗ್ರಾಫ್ ಥಿಯರಿ ಬಂದಾಗ ಹೇಳಿದರಾಯಿತು.

ಲೆಕ್ಕದ ಮಿತಿಯನ್ನೂ ಹೇಳಿಬಿಡಿ. 20 ರೀತಿ ಎಂದರೆ 20 ಜೋಡಿ ಬಸ್ಸು, ಅಷ್ಟೇ. ಸಂಜೆ ಬಳ್ಳಾರಿ ಮುಟ್ಟುವ ಬಸ್ಸಿನಿಂದ ಇಳಿದವರು ಬೆಳಗಿನ ರಾಯಚೂರು ಬಸ್ ಹತ್ತಲಾಗದು, ಆದರೆ ಗುಣಾಕಾರ ಆ ಜೋಡಿಯನ್ನೂ ಎಣಿಸಿದೆ. ಒಬ್ಬರಾದರೂ ಈ ಪ್ರಶ್ನೆ ಎತ್ತುತ್ತಾರೆ, ಎತ್ತಲೇಬೇಕು.

ಉಳಿದ ಸಮಯಕ್ಕೆ ಒಂದು ಮ್ಯಾಟ್ರಿಕ್ಸ್ ಅನ್ನು ಅದಕ್ಕೇ ಗುಣಿಸುವುದು ಚೆನ್ನಾಗಿ ಹೊಂದುತ್ತದೆ. ಐದು ಊರು: ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು, ರಾಯಚೂರು, ಇದೇ ಕ್ರಮದಲ್ಲಿ. ಬಳ್ಳಾರಿ–ಹೊಸಪೇಟೆ, ಹೊಸಪೇಟೆ–ಗಂಗಾವತಿ, ಕಾರಟಗಿ ಮೇಲೆ ಗಂಗಾವತಿ–ಸಿಂಧನೂರು, ಸಿರುಗುಪ್ಪ ಮೇಲೆ ಬಳ್ಳಾರಿ–ಸಿಂಧನೂರು, ಮಾನ್ವಿ ಮೇಲೆ ಸಿಂಧನೂರು–ರಾಯಚೂರು, ಈ ಐದು ರಸ್ತೆ ಮಾತ್ರ ಇಟ್ಟುಕೊಳ್ಳಿ. ರಸ್ತೆ ಇದ್ದರೆ 1, ಇಲ್ಲದಿದ್ದರೆ 0.

```
A = 0 1 0 1 0      A·A = 2 0 2 0 1
    1 0 1 0 0            0 2 0 2 0
    0 1 0 1 0            2 0 2 0 1
    1 0 1 0 1            0 2 0 3 0
    0 0 0 1 0            1 0 1 0 1
```

ಬಳ್ಳಾರಿ–ಗಂಗಾವತಿ ಮನೆಯಲ್ಲಿ 2 ಇದೆ: ಹೊಸಪೇಟೆ ಮೇಲೊಂದು, ಸಿಂಧನೂರು ಮೇಲೊಂದು. ಬಳ್ಳಾರಿ–ರಾಯಚೂರು ಮನೆಯಲ್ಲಿ 1: ಸಿಂಧನೂರು ಮೇಲೆ ಮಾತ್ರ. ಆದರೆ ಬಳ್ಳಾರಿ–ಬಳ್ಳಾರಿ ಮನೆಯಲ್ಲೂ 2 ಬಂದಿದೆ, ಇಲ್ಲಿ ತರಗತಿ ಗಲಿಬಿಲಿಯಾಗುತ್ತದೆ. ಹೊಸಪೇಟೆಗೆ ಹೋಗಿ ವಾಪಸು ಬರುವುದು ಒಂದು, ಸಿಂಧನೂರಿಗೆ ಹೋಗಿ ವಾಪಸು ಬರುವುದು ಇನ್ನೊಂದು. ಗುಣಾಕಾರ ಎಣಿಸುವುದು ಹೆಜ್ಜೆಗಳನ್ನು, ಬಂದ ದಾರಿಯಲ್ಲೇ ಮರಳುವುದನ್ನು ಅದು ಬಿಡುವುದಿಲ್ಲ. ಹಾಗಾಗಿ ಕರ್ಣದ ಮೇಲೆ ಆಯಾ ಊರಿನ ರಸ್ತೆಗಳ ಸಂಖ್ಯೆಯೇ ಬರುತ್ತದೆ, ಸಿಂಧನೂರಿಗೆ ಮೂರು ರಸ್ತೆ, ಅದಕ್ಕೆ 3.

ಮನೆಗೆಲಸಕ್ಕೆ ಮೂರು ಹೆಜ್ಜೆಯ ಲೆಕ್ಕ ಕೊಡಿ. ಬಳ್ಳಾರಿ–ಹೊಸಪೇಟೆಗೆ 4 ಬರುತ್ತದೆ. ಸಂಖ್ಯೆಗೆ ಅಂಕ ಕೊಡಬೇಡಿ, ನಾಲ್ಕೂ ಪ್ರಯಾಣ ಬರೆದವರಿಗೆ ಕೊಡಿ: ಬಳ್ಳಾರಿ–ಹೊಸಪೇಟೆ–ಬಳ್ಳಾರಿ–ಹೊಸಪೇಟೆ, ಬಳ್ಳಾರಿ–ಸಿಂಧನೂರು–ಬಳ್ಳಾರಿ–ಹೊಸಪೇಟೆ, ಬಳ್ಳಾರಿ–ಹೊಸಪೇಟೆ–ಗಂಗಾವತಿ–ಹೊಸಪೇಟೆ, ಬಳ್ಳಾರಿ–ಸಿಂಧನೂರು–ಗಂಗಾವತಿ–ಹೊಸಪೇಟೆ. ನಿಜವಾದ ಸುತ್ತುದಾರಿ ಕೊನೆಯದೊಂದೇ.

ಲ್ಯಾಬಿನಲ್ಲಿ ಮೊದಲು ಬಾವುಟವನ್ನೇ ಪೈಥಾನ್‌ಗೆ ಕೊಡಿ.

```python
import numpy as np
T = np.array([[0, -1], [1, 0]])
V = np.array([[1, 1], [0, 1]])
B = np.array([[0, 0, 2, 0],
              [0, 4, 3, 2]])
print(T @ V @ B)
print(V @ T @ B)
print((T * V) @ B)
```

Bಯಲ್ಲಿ ಒಂದೊಂದು ಕಂಬ ಒಂದೊಂದು ಬಿಂದು. ಮೊದಲ ಎರಡು ಉತ್ತರ ಗ್ರಾಫ್ ಹಾಳೆಯ ಬಿಂದುಗಳೊಂದಿಗೆ ಹೊಂದಬೇಕು. ಮೂರನೆಯದನ್ನು ಬೇಕೆಂದೇ ಇಟ್ಟಿದ್ದು. `*` ಹಾಕಿದರೆ ನಂಪೈ ಮನೆಗೆ ಮನೆ ಗುಣಿಸುತ್ತದೆ, ದೋಷದ ಸಂದೇಶ ಬರುವುದಿಲ್ಲ. ಬಾವುಟದ ಎಲ್ಲ ಬಿಂದುಗಳೂ x-ಅಕ್ಷದ ಮೇಲೆ ಬಿದ್ದು ಬಟ್ಟೆ ಒಂದು ಗೆರೆಯಾಗಿಬಿಡುತ್ತದೆ. ತಿರುಗಿಸಿದರೂ ವಾಲಿಸಿದರೂ ಬಟ್ಟೆ ಮಾಯವಾಗುವುದಿಲ್ಲವಲ್ಲ, ಹಾಗಾಗಿ ಲೆಕ್ಕ ಎಲ್ಲೋ ತಪ್ಪಿದೆ ಎಂದು ಚಿತ್ರವೇ ತೋರಿಸುತ್ತದೆ.

ಆಮೇಲೆ ನಿಜವಾದ ಫೋಟೋ. ಬಳ್ಳಾರಿ ಕೋಟೆಯದೋ ರಾಯಚೂರು ಕೋಟೆಯದೋ ಯಾವುದಾದರೂ ಆಗಬಹುದು, ಆದರೆ ಮೊದಲು 200 × 200 ಪಿಕ್ಸೆಲ್‌ಗೆ ಇಳಿಸಿ. ಅದು 40,000 ಪಿಕ್ಸೆಲ್, ಬೇಗ ಮುಗಿಯುತ್ತದೆ. ಮೊಬೈಲ್‌ನ 4000 × 3000 ಫೋಟೋ ಹಾಗೇ ಹಾಕಿದರೆ ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಲೂಪ್ ಸುತ್ತಬೇಕು, ಲ್ಯಾಬ್ ಸಮಯ ಕಾಯುವುದರಲ್ಲೇ ಕಳೆಯುತ್ತದೆ.

ಹುಡುಗರು ಸಹಜವಾಗಿ ಮಾಡುವುದು ಹಳೆಯ ಚಿತ್ರದ ಪ್ರತಿ ಪಿಕ್ಸೆಲ್ ಎತ್ತಿ ಹೊಸ ಜಾಗದಲ್ಲಿ ಇಡುವುದು. Vಗೆ ಇದು ಸರಿಯಾಗಿ ನಡೆದು ಮೋಸ ಮಾಡುತ್ತದೆ, ಯಾಕೆಂದರೆ ಪೂರ್ಣಾಂಕದ ಜಾಗಗಳು ಒಂದಕ್ಕೊಂದು ಸರಿಯಾಗಿ ಪೂರ್ಣಾಂಕದ ಜಾಗಗಳಿಗೇ ಹೋಗುತ್ತವೆ. ಎರಡು ಪಟ್ಟು ದೊಡ್ಡದು ಮಾಡಿ ನೋಡಲಿ. 40,000 ಪಿಕ್ಸೆಲ್‌ಗಳು 1,60,000 ಮನೆಗಳಲ್ಲಿ ಹರಡುತ್ತವೆ, ಪ್ರತಿ ನಾಲ್ಕರಲ್ಲಿ ಮೂರು ಮನೆ ಕಪ್ಪಾಗಿ ಖಾಲಿ ಉಳಿಯುತ್ತದೆ. 30 ಡಿಗ್ರಿ ತಿರುಗಿಸಿದರೆ ದಶಮಾಂಶಗಳನ್ನು ಸುತ್ತಿಸುವಾಗ ಎರಡು ಪಿಕ್ಸೆಲ್ ಒಂದೇ ಮನೆಗೆ ಬಿದ್ದು, ಪಕ್ಕದ ಮನೆ ಖಾಲಿಯಾಗಿ, ಚಿತ್ರದ ತುಂಬ ಕಪ್ಪು ಚುಕ್ಕೆ ಬರುತ್ತವೆ. ಪರಿಹಾರ ದಿಕ್ಕು ಬದಲಿಸುವುದು: ಹೊಸ ಚಿತ್ರದ ಪ್ರತಿ ಮನೆಯೂ ತನಗೆ ಬಣ್ಣ ಎಲ್ಲಿಂದ ಬರಬೇಕು ಎಂದು ಹಿಂದಕ್ಕೆ ಕೇಳಬೇಕು. ಅದಕ್ಕೆ ವಿಲೋಮ ಮ್ಯಾಟ್ರಿಕ್ಸ್.

```python
import matplotlib.pyplot as plt
img = plt.imread("kote.png")
h, w = img.shape[:2]
cx, cy = w // 2, h // 2
out = np.zeros_like(img)
Minv = np.linalg.inv(T @ V)
for r in range(h):
    for c in range(w):
        x, y = Minv @ np.array([c - cx, cy - r])
        i, j = int(round(cy - y)), int(round(cx + x))
        if 0 <= i < h and 0 <= j < w:
            out[r, c] = img[i, j]
plt.imshow(out)
plt.show()
```

`cy - r` ಎಂದು ಬರೆದದ್ದಕ್ಕೆ ಕಾರಣವಿದೆ. ಚಿತ್ರದಲ್ಲಿ ಸಾಲುಗಳ ಎಣಿಕೆ ಮೇಲಿನಿಂದ ಕೆಳಕ್ಕೆ, ಗ್ರಾಫಿನಲ್ಲಿ y ಕೆಳಗಿನಿಂದ ಮೇಲಕ್ಕೆ. ಎರಡೂ ಕಡೆ ಇದನ್ನು ಉಲ್ಟಾ ಮಾಡದಿದ್ದರೆ T ಚಿತ್ರವನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತದೆ. ಹುಡುಗರು ಮ್ಯಾಟ್ರಿಕ್ಸ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ, ತಪ್ಪು ಅಲ್ಲಿರುವುದಿಲ್ಲ. ಚಿತ್ರದ ಮೂಲೆಗಳು ಚೌಕಟ್ಟಿನ ಆಚೆ ಹೋಗಿ ಕತ್ತರಿಸಿದಂತೆ ಕಾಣುವುದು ಸಹಜ, ಅದು ದೋಷವಲ್ಲ.

ಇಲ್ಲೊಂದು ಪರೀಕ್ಷೆ ಇಡಿ. `np.linalg.inv(T @ V)` ತೆಗೆದು `np.linalg.inv(T) @ np.linalg.inv(V)` ಹಾಕಲಿ. ಬೇರೆ ಚಿತ್ರ ಬರುತ್ತದೆ. ಕ್ರಮ ಬದಲಿಸಿ V ವಿಲೋಮವನ್ನು ಎಡಕ್ಕೆ ಹಾಕಿದರೆ ಮೊದಲಿನ ಚಿತ್ರ ಮರಳುತ್ತದೆ. ಕೊನೆಗೆ ಮಾಡಿದ ಕೆಲಸವನ್ನು ಮೊದಲು ಬಿಡಿಸಬೇಕು. ಮೊದಲು ಮುಟ್ಟುವುದು ಬಲಗಡೆಯದು, ಹಾಗಾಗಿ T ವಿಲೋಮ ಬಲಕ್ಕೆ ಬರಬೇಕು. ಈ ಸೂತ್ರವನ್ನು ಸಾಧಿಸಿ ತೋರಿಸುವ ಅಗತ್ಯವೇ ಬರುವುದಿಲ್ಲ.

ಚಿತ್ರವನ್ನು ತಿರುಗಿಸದೆ ಸುಮ್ಮನೆ ಪಕ್ಕಕ್ಕೆ ಸರಿಸುವ ಮ್ಯಾಟ್ರಿಕ್ಸ್ ಯಾವುದು ಎಂದು ಖಂಡಿತ ಕೇಳುತ್ತಾರೆ. 2 × 2ರಲ್ಲಿ ಅದು ಸಾಧ್ಯವಿಲ್ಲ, ಯಾಕೆಂದರೆ (0,0) ಎಂದರೆ ಎರಡೂ ಕಂಬಗಳ ಸೊನ್ನೆ ಪಾಲು, ಅದು ಎಂದಿಗೂ ಕದಲುವುದಿಲ್ಲ. ಬಾಣಗಳ ಚಿತ್ರಕ್ಕೆ ಹಿಂತಿರುಗಿ ಎಡಗಡೆ ಮೂರನೆಯ ಚುಕ್ಕೆ ಒಂದನ್ನು ಸೇರಿಸಿ, ಅದರ ಬೆಲೆ ಯಾವಾಗಲೂ 1. ಅಲ್ಲಿಂದ x′ಗೆ 3, y′ಗೆ 2 ಬರೆದ ಬಾಣ ಎಳೆಯಿರಿ. ಆ ಚುಕ್ಕೆ ಮುಂದಿನ ಹಂತಕ್ಕೂ 1 ಆಗಿಯೇ ದಾಟಬೇಕು, ಅದಕ್ಕೊಂದು 1ರ ಬಾಣ.

```
[ 1  0  3 ] [ x ]   [ x + 3 ]
[ 0  1  2 ] [ y ] = [ y + 2 ]
[ 0  0  1 ] [ 1 ]   [   1   ]
```

T ಮತ್ತು Vಯನ್ನೂ ಹೀಗೆ 3 × 3 ಮಾಡಿಕೊಂಡರೆ ಸರಿಸುವುದು, ತಿರುಗಿಸುವುದು, ವಾಲಿಸುವುದು ಎಲ್ಲವೂ ಅದೇ `@`ನಿಂದ ಒಂದರ ಹಿಂದೆ ಒಂದು ನಡೆಯುತ್ತವೆ. ಸರಿಸಿ ತಿರುಗಿಸುವುದೂ ತಿರುಗಿಸಿ ಸರಿಸುವುದೂ ಒಂದೇನಾ ಎಂಬುದನ್ನು ಬಾವುಟದ ಬುಡ (0,0)ವನ್ನು ಹಿಂಬಾಲಿಸಿ ಅವರೇ ನೋಡಲಿ. ಮೊದಲು ಸರಿಸಿದರೆ ಬುಡ (−2,3)ರಲ್ಲಿ, ಮೊದಲು ತಿರುಗಿಸಿದರೆ (3,2)ರಲ್ಲಿ ನಿಲ್ಲುತ್ತದೆ.